ಸೋಂಕಿದೆ, ರೋಗವಿಲ್ಲ: ಸಹಾಯಕ ಟಿ ಕೋಶಗಳನ್ನು ಗುರುತಿಸಿದ ಬಗೆ

1960-61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿದವು. ಸಮೀಕ್ಷೆಯ ಹಳ್ಳಿಗಳನ್ನು ಯಾರ ಶಿಫಾರಸೂ ಇಲ್ಲದೆ ಚೀಟಿ ಎತ್ತಿದಂತೆ ಆರಿಸಿದ್ದರು. ಜನರ ಮುಂದೋಳಿಗೆ ಟ್ಯುಬರ್ಕುಲಿನ್ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬಂದು ಅಲ್ಲಿ ಎದ್ದ ಗಟ್ಟಿ ಊತವನ್ನು ಅಳೆದರು. ಎದೆಯ ಎಕ್ಸ್‌ರೇ ತೆಗೆದರು. ಅನುಮಾನ ಬಂದವರ ಕಫ ಪರೀಕ್ಷಿಸಿದರು. ರಾಜ್ ನಾರಾಯಣ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 38 ಮಂದಿಗೆ ಕ್ಷಯದ ಸೋಂಕು ತಗುಲಿತ್ತು. ಆದರೆ ಕಫದಲ್ಲಿ ರೋಗಾಣು ಕಂಡದ್ದು ಸಾವಿರಕ್ಕೆ ಸುಮಾರು ನಾಲ್ವರಲ್ಲಿ ಮಾತ್ರ.

ಈ ಎರಡು ಅಂಕಿಗಳ ನಡುವಿನ ಅಂತರ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿದೆ. ಒಂದೇ ರೋಗಾಣು ಹೊಕ್ಕ ಇಷ್ಟೊಂದು ಜನ ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದರು, ಹಾಸಿಗೆ ಹಿಡಿದವರು ಬೆರಳೆಣಿಕೆಯಷ್ಟು. ಉಳಿದವರ ಎದೆಯಲ್ಲಿ ರೋಗಾಣುವನ್ನು ಹಿಡಿದಿಟ್ಟದ್ದು ಏನು? ಸಮೀಕ್ಷೆ ನಡೆಸಿದವರ ಕಾಲದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆದರೆ ಅವರು ತೋಳಿನ ಮೇಲೆ ಅಳೆಯುತ್ತಿದ್ದ ಊತವೇ ಉತ್ತರದ ಒಂದು ತುಣುಕು.

ಆ ಸೂಜಿಗೆ ದೀರ್ಘ ಚರಿತ್ರೆಯಿದೆ. ರಾಬರ್ಟ್ ಕಾಖ್ 1890ರಲ್ಲಿ ಟ್ಯುಬರ್ಕುಲಿನ್ ಅನ್ನು ಕ್ಷಯದ ಮದ್ದೆಂದು ಪ್ರಕಟಿಸಿದರು. ಮದ್ದಾಗಿ ಅದು ಸೋತಿತು, ಪರೀಕ್ಷೆಯಾಗಿ ಉಳಿಯಿತು. 1908ರಲ್ಲಿ ಮಾಂಟೂ ಅದನ್ನು ಚರ್ಮದೊಳಗೆ ಚುಚ್ಚುವ ಕ್ರಮಕ್ಕೆ ತಂದರು. ಊತ ಏಳಲು ಎರಡು ಮೂರು ದಿನ ಬೇಕಾಗುವುದೇಕೆ ಎಂಬುದು ಒಗಟಾಗಿತ್ತು. ಪ್ರತಿಕಾಯಗಳ ಕೆಲಸವಾಗಿದ್ದರೆ ಗಂಟೆಗಳಲ್ಲೇ ಕಾಣಬೇಕಿತ್ತು. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಗಿನಿಯಿಲಿಗಳಲ್ಲಿ ಇದನ್ನು ಬಿಡಿಸಿದರು. ಇಂಥ ತಡವಾದ ಪ್ರತಿಕ್ರಿಯೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವುದು ರಕ್ತದ ತಿಳಿಯಿಂದಲ್ಲ, ಜೀವಂತ ಬಿಳಿ ಕೋಶಗಳಿಂದ. ಆ ಕೋಶಗಳಲ್ಲಿ ಟಿ ಕೋಶ ಎಂಬ ಬಗೆ ಇದೆ, ಅದರಲ್ಲಿ ಕೆಲವು ಇತರ ಕೋಶಗಳಿಗೆ ನೆರವಾಗುತ್ತವೆ ಎಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಅವಕ್ಕೆ ಸಹಾಯಕ ಟಿ ಕೋಶ ಎಂಬ ಹೆಸರು ಬಂತು.

ಸಹಾಯ ಅಂದರೆ ಯಾರಿಗೆ, ಎಂಥ ಸಹಾಯ? ಇದನ್ನು ಬಿಡಿಸಿದ್ದು 1986ರ ಒಂದು ಪ್ರಬಂಧ. ಕ್ಯಾಲಿಫೋರ್ನಿಯಾದ ಡಿಎನ್ಎಎಕ್ಸ್ ಪ್ರಯೋಗಾಲಯದ ಟಿಮ್ ಮೋಸ್ಮನ್, ರಾಬರ್ಟ್ ಕಾಫ್ಮನ್ ಮತ್ತು ಸಂಗಡಿಗರು ಇಲಿಯ ಸಹಾಯಕ ಟಿ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದರಿಂದಲೂ ಒಂದೊಂದು ಸಂತತಿ ಬೆಳೆಸಿದರು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ. ಆದರೆ ಕೆರಳಿಸಿದಾಗ ಅವು ಸುರಿಸುವ ದ್ರವದಲ್ಲಿನ ಪ್ರೋಟೀನುಗಳು, ಅಂದರೆ ಸೈಟೊಕೈನ್‌ಗಳು, ಬೇರೆ ಬೇರೆ. ಒಂದು ಗುಂಪು ಇಂಟರ್ಫೆರಾನ್ ಗಾಮಾ ಸುರಿಸುತ್ತಿತ್ತು, ಇಂಟರ್‌ಲ್ಯೂಕಿನ್-4 ಇಲ್ಲ. ಇನ್ನೊಂದು ಗುಂಪಿನದು ಇದಕ್ಕೆ ತಿರುವುಮುರುವು. ಮೊದಲನೆಯದು ಟಿಎಚ್1, ಎರಡನೆಯದು ಟಿಎಚ್2 ಎನಿಸಿಕೊಂಡವು. ಕೋಶ ನೋಡಲು ಹೇಗಿದೆ ಎಂಬುದನ್ನು ಬಿಟ್ಟು, ಅದು ಏನು ಸುರಿಸುತ್ತದೆ ಎಂಬುದರಿಂದ ಅದರ ಗುರುತು ನಿಂತಿತು. ಮರುವರ್ಷವೇ ಚೆರ್ ಮತ್ತು ಮೋಸ್ಮನ್ ಟಿಎಚ್1 ಸಂತತಿಗಳನ್ನು ಇಲಿಯ ಅಂಗಾಲಿಗೆ ಚುಚ್ಚಿ ನೋಡಿದರು: ಟ್ಯುಬರ್ಕುಲಿನ್ ಮಾದರಿಯ ತಡವಾದ ಊತ ಎದ್ದಿತು. ತುಮಕೂರಿನ ಹಳ್ಳಿಗರ ತೋಳಿನಲ್ಲಿ ಅಳೆದದ್ದು ಮುಖ್ಯವಾಗಿ ಟಿಎಚ್1ನ ಕೆಲಸವನ್ನು ಎಂದು ಹೀಗೆ ತಿಳಿಯಿತು. ಹಿಂದೆ ಕ್ಷಯಾಣುವನ್ನು ಕಂಡು ನೆನಪಿಟ್ಟುಕೊಂಡ ಕೋಶಗಳು ಚುಚ್ಚಿದ ಜಾಗಕ್ಕೆ ಸೇರಿ, ಇಂಟರ್ಫೆರಾನ್ ಗಾಮಾ ಸುರಿಸಿ, ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳನ್ನು ಕೂಡಿಸುತ್ತವೆ. ಆ ಜಮಾವಣೆಯೇ ಕೈಗೆ ಸಿಗುವ ಗಟ್ಟಿ. ಜಮಾಯಿಸಲು ದಿನಗಳು ಬೇಕು, ಅದಕ್ಕೇ ತಡ.

ಶ್ವಾಸಕೋಶದೊಳಗೂ ಇದೇ ಕೋಶಗಳಿಗೆ ಕೆಲಸ. ಕ್ಷಯಾಣು ಅಡಗಿ ಕೂರುವುದು ತನ್ನನ್ನು ನುಂಗಿದ ಮ್ಯಾಕ್ರೊಫೇಜಿನ ಹೊಟ್ಟೆಯಲ್ಲೇ. ನುಂಗಿದ್ದನ್ನು ಅರಗಿಸುವ ಆಮ್ಲದ ಚೀಲ ತನ್ನನ್ನು ಸೇರದಂತೆ ಅದು ತಡೆಯುತ್ತದೆ. ರಕ್ತದಲ್ಲಿ ತೇಲುವ ಪ್ರತಿಕಾಯಗಳು ಅಲ್ಲಿಗೆ ಮುಟ್ಟಲಾರವು. ಸೋಂಕಿದ ಮ್ಯಾಕ್ರೊಫೇಜು ಮತ್ತು ನೆರೆಯ ಕೋಶಗಳು ಇಂಟರ್‌ಲ್ಯೂಕಿನ್-12 ಎಂಬ ಸಂಕೇತ ಕಳಿಸುತ್ತವೆ. ಅದನ್ನು ಪಡೆದ ಎಳೆಯ ಟಿ ಕೋಶ ಟಿಎಚ್1 ಆಗಿ ಬಲಿಯುತ್ತದೆ, ಇಂಟರ್ಫೆರಾನ್ ಗಾಮಾ ಸುರಿಸಿ ಮ್ಯಾಕ್ರೊಫೇಜನ್ನು ಕೆರಳಿಸುತ್ತದೆ, ತಡೆ ಮುರಿಯುತ್ತದೆ. ಈ ಹಾದಿಗೆ ಟಿಎಚ್1 ಕೋಶವನ್ನು ಹಚ್ಚುವ ಜೀನು ನಿಯಂತ್ರಕ ಟಿ-ಬೆಟ್ 2000ದಲ್ಲಿ ಸಿಕ್ಕಿತು.

ಇಲಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ ಎಂಬ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ದುಃಖದ ದಾರಿಯಲ್ಲಿ. ಮಾಲ್ಟಾದ ಒಂದು ಕುಟುಂಬದ ಮಕ್ಕಳೂ ಟ್ಯುನೀಷಿಯಾದ ಒಂದು ಕೂಸೂ, ಸಾಮಾನ್ಯರಿಗೆ ಏನೂ ಮಾಡದ ಮಣ್ಣುನೀರಿನ ಮೈಕೊಬ್ಯಾಕ್ಟೀರಿಯಾಗಳಿಂದಲೋ ಬಿಸಿಜಿ ಲಸಿಕೆಯ ರೋಗಾಣುವಿನಿಂದಲೋ ಮೈತುಂಬ ಸೋಂಕು ಹರಡಿ ನರಳಿದರು. 1996ರಲ್ಲಿ ಎರಡು ತಂಡಗಳು ಕಾರಣ ಕಂಡವು: ಇಂಟರ್ಫೆರಾನ್ ಗಾಮಾದ ಸಂಕೇತ ಪಡೆಯುವ ಗ್ರಾಹಕವೇ ಆ ಮಕ್ಕಳಲ್ಲಿ ಇರಲಿಲ್ಲ. ಇಂಥ ಮಕ್ಕಳು ಬೇರೆ ಹೆಚ್ಚಿನ ಸೋಂಕುಗಳನ್ನು ಎಲ್ಲರಂತೆಯೇ ಎದುರಿಸುತ್ತಾರೆ, ಸೋಲುವುದು ಮುಖ್ಯವಾಗಿ ಮೈಕೊಬ್ಯಾಕ್ಟೀರಿಯಾ ಮತ್ತು ಸಾಲ್ಮೊನೆಲ್ಲಾಗಳ ಮುಂದೆ. ಒಂದು ಸೈಟೊಕೈನಿನ ದಾರಿ ಮುಚ್ಚಿದರೆ ಒಂದು ಬಗೆಯ ರೋಗಾಣುವಿಗೆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಕುಷ್ಠದಲ್ಲಿ ಇದೇ ಕಥೆಯ ಎರಡು ಮುಖ ಕಾಣುತ್ತವೆ. ಒಬ್ಬರ ಚರ್ಮದಲ್ಲಿ ಒಂದೆರಡು ಮರಗಟ್ಟಿದ ಮಚ್ಚೆ, ಹುಡುಕಿದರೂ ರೋಗಾಣು ಸಿಗುವುದು ಕಷ್ಟ. ಇನ್ನೊಬ್ಬರ ಮೈತುಂಬ ಗಂಟುಗಳು, ಪ್ರತಿ ಗಂಟಿನಲ್ಲೂ ರೋಗಾಣುಗಳ ರಾಶಿ. ರೋಗಾಣು ಇಬ್ಬರಲ್ಲೂ ಒಂದೇ. ಯಾಮಾಮುರಾ, ಮಾಡ್ಲಿನ್ ಮತ್ತು ಸಂಗಡಿಗರು 1991ರಲ್ಲಿ ಈ ಎರಡೂ ಬಗೆಯ ಚರ್ಮದ ಚೂರುಗಳಲ್ಲಿ ಸೈಟೊಕೈನ್‌ಗಳನ್ನು ಹುಡುಕಿದರು. ಮಚ್ಚೆಯಲ್ಲಿ ಇಂಟರ್ಫೆರಾನ್ ಗಾಮಾ ಮೇಲುಗೈ, ಗಂಟಿನಲ್ಲಿ ಇಂಟರ್‌ಲ್ಯೂಕಿನ್-4, 5 ಮತ್ತು 10ರದ್ದು. ಟಿಎಚ್2 ಕೋಶದ ಇಂಟರ್‌ಲ್ಯೂಕಿನ್-4 ಪ್ರತಿಕಾಯ ತಯಾರಿಗೆ ಕುಮ್ಮಕ್ಕು ಕೊಡುತ್ತದೆ, ಜೊತೆಗೆ ಟಿಎಚ್1ಅನ್ನು ಅದುಮುತ್ತದೆ. ಗಂಟುಗಳುಳ್ಳ ರೋಗಿಯ ರಕ್ತದಲ್ಲಿ ಪ್ರತಿಕಾಯ ಬೇಕಾದಷ್ಟಿದ್ದರೂ ಒಳಗೆ ಅಡಗಿದ ರೋಗಾಣುವಿಗೆ ಅದರಿಂದ ಏನೂ ಆಗದು.

ಹಾಗೆಂದು ಟಿಎಚ್2 ಕೆಡುಕಿನದಲ್ಲ. ಅದರ ಎದುರಾಳಿ ಬೇರೆ: ಕೋಶದೊಳಗೆ ಹಿಡಿಸದಷ್ಟು ದೊಡ್ಡ ಹುಳು. ಕರುಳಿಗೆ ಜಂತುಹುಳು ಸೇರಿದಾಗ ಟಿಎಚ್2 ಸುರಿಸುವ ಇಂಟರ್‌ಲ್ಯೂಕಿನ್-5 ಇಯೊಸಿನೊಫಿಲ್‌ಗಳನ್ನು ಹೆಚ್ಚಿಸುತ್ತದೆ, ಇಂಟರ್‌ಲ್ಯೂಕಿನ್-13 ಲೋಳೆ ಸುರಿಸಿ ಕರುಳಿನ ಸ್ನಾಯುಗಳನ್ನು ಬಿಗಿದು ಹುಳುವನ್ನು ಹೊರದಬ್ಬಲು ನೋಡುತ್ತದೆ. ಪ್ರಯೋಗದ ಇಲಿಗಳಲ್ಲಿ ಇದು ಚೆನ್ನಾಗಿ ಗೆಲ್ಲುತ್ತದೆ, ಮನುಷ್ಯನಲ್ಲಿ ಅಷ್ಟಾಗಿ ಅಲ್ಲ. ಕೊಕ್ಕೆಹುಳುವಿನ ಮರಿಗೆ ನೆರಳಿನ ತೇವದ ಮಣ್ಣು ಬೇಕು. ತುಮಕೂರು ಜಿಲ್ಲೆಯ ಪಾವಗಡದ ಕಾದ ಬೆಟ್ಟದಡಿ ಅದು ಒಣಗಿ ಸಾಯುತ್ತದೆ, ಕೆರೆಯ ಕೆಳಗಿನ ತೋಟದಲ್ಲಿ ಬದುಕುತ್ತದೆ. ಬರಿಗಾಲಿನಿಂದ ಹೊಕ್ಕ ಹುಳು ಕರುಳಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು, ರಕ್ತದಲ್ಲಿ ಇಯೊಸಿನೊಫಿಲ್ ಏರಿದ್ದರೂ. ಆದ್ದರಿಂದಲೇ ಶಾಲೆ ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಗೆ ಇಂದಿಗೂ ಕೆಲಸವಿದೆ.

ಸುಮಾರು ಇಪ್ಪತ್ತು ವರ್ಷ ಈ ಎರಡೇ ಬಗೆಗಳಲ್ಲಿ ಎಲ್ಲವನ್ನೂ ವಿವರಿಸುವ ಪ್ರಯತ್ನ ನಡೆಯಿತು. 2005ರಲ್ಲಿ ಇಂಟರ್‌ಲ್ಯೂಕಿನ್-17 ಸುರಿಸುವ ಮೂರನೆಯ ಬಗೆ, ಟಿಎಚ್17, ಬೇರೆ ವಂಶವೆಂದು ನಿಂತಿತು. ಅದರ ಕಾವಲು ಚರ್ಮ ಮತ್ತು ಲೋಳೆಪೊರೆಗಳಲ್ಲಿ. ಬಾಯಿ, ಉಗುರುಗಳಲ್ಲಿ ಬಿಡದೆ ಕಾಡುವ ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರುವ ಕೆಲವರಲ್ಲಿ ಇಂಟರ್‌ಲ್ಯೂಕಿನ್-17ರ ದಾರಿಯೇ ಹುಟ್ಟಿನಿಂದ ಮುರಿದಿದೆ ಎಂದು 2011ರಲ್ಲಿ ಸಾಬೀತಾಯಿತು. ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಮುಖ್ಯವಾಗಿ ನೆರವಾಗುವುದು ಟಿಎಚ್2 ಅಲ್ಲ, ದುಗ್ಧಗ್ರಂಥಿಗಳಲ್ಲಿ ಕೂರುವ, ಇಂಟರ್‌ಲ್ಯೂಕಿನ್-21 ಸುರಿಸುವ ಇನ್ನೊಂದು ಬಗೆ ಎಂಬುದೂ ಇದೇ ಅವಧಿಯಲ್ಲಿ ತಿಳಿಯಿತು.

ಈಗ ಮತ್ತೆ ತುಮಕೂರಿನ ಅಳತೆಗೆ. ದಕ್ಷಿಣ ಭಾರತದಲ್ಲಿ ಮಣ್ಣು, ನೀರಿನ ಮೈಕೊಬ್ಯಾಕ್ಟೀರಿಯಾಗಳ ಒಡನಾಟ ಎಲ್ಲರಿಗೂ ಇದೆ. ಅವುಗಳ ಪ್ರೋಟೀನುಗಳು ಟ್ಯುಬರ್ಕುಲಿನ್‌ನಲ್ಲಿರುವುದನ್ನು ಹೋಲುತ್ತವೆ. ಹಾಗಾಗಿ ಕ್ಷಯವಿಲ್ಲದ ತೋಳಿನಲ್ಲೂ ಸಣ್ಣ ಊತ ಏಳುತ್ತದೆ, ಬಿಸಿಜಿ ಪಡೆದವರಲ್ಲೂ ಏಳಬಹುದು. ಎಷ್ಟು ಮಿಲಿಮೀಟರಿನ ಮೇಲೆ ಸೋಂಕೆನ್ನಬೇಕು ಎಂಬ ತಕರಾರು ಅಂದಿನಿಂದಲೂ ಇದೆ. ಬಿಸಿಜಿಯಲ್ಲಿಯೂ ಹೆಚ್ಚಿನ ಪರಿಸರದ ಬಗೆಗಳಲ್ಲಿಯೂ ಇಲ್ಲದ, ಕ್ಷಯಾಣುವಿನಲ್ಲಿರುವ ಎರಡು ಪ್ರೋಟೀನು ಸಿಕ್ಕ ಮೇಲೆ ಹೊಸ ರಕ್ತಪರೀಕ್ಷೆ ಬಂತು. ರಕ್ತವನ್ನು ಆ ಪ್ರೋಟೀನುಗಳೊಡನೆ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು, ಟಿ ಕೋಶಗಳು ಸುರಿಸಿದ ಇಂಟರ್ಫೆರಾನ್ ಗಾಮಾ ಅಳೆಯುತ್ತಾರೆ. ಜೊತೆಗೆ ಇನ್ನೊಂದು ಕೊಳವೆಯಲ್ಲಿ ಯಾವುದೇ ಟಿ ಕೋಶವನ್ನೂ ಕೆರಳಿಸುವ ವಸ್ತು ಇರುತ್ತದೆ. ಅದರಲ್ಲೂ ಇಂಟರ್ಫೆರಾನ್ ಬರದಿದ್ದರೆ ರೋಗಿಯ ಟಿ ಕೋಶಗಳೇ ಸೊರಗಿವೆ ಅಥವಾ ರಕ್ತ ಸಾಗಿಸುವಾಗ ಕೆಟ್ಟಿದೆ ಎಂದರ್ಥ. ಆಗ ಫಲಿತಾಂಶವನ್ನು ‘ಸೋಂಕಿಲ್ಲ’ ಎಂದು ಓದಬಾರದು. ಎಚ್‌ಐವಿ ಬಲಿತವರಲ್ಲಿ ಇಂಥ ಗೊಂದಲ ಹೆಚ್ಚು.

ಸೈಟೊಕೈನ್ ಮುದ್ರೆಗೂ ಮಿತಿಗಳಿವೆ. ಟಿಎಚ್17ಅನ್ನು ರೂಪಿಸುವ ಆರ್‌ಒಆರ್‌ಸಿ ಜೀನು ಕೆಟ್ಟ ಮಕ್ಕಳಿಗೆ ಕ್ಯಾಂಡಿಡಾ ಬರಬೇಕು, ಬಂತು ಕೂಡ. ಆದರೆ 2015ರ ವರದಿಯಂತೆ ಅವರಿಗೆ ಮೈಕೊಬ್ಯಾಕ್ಟೀರಿಯಾ ಸೋಂಕೂ ಬಂತು. ಮನುಷ್ಯನಲ್ಲಿ ಮೈಕೊಬ್ಯಾಕ್ಟೀರಿಯಾವನ್ನು ಎದುರಿಸುವ ಇಂಟರ್ಫೆರಾನ್ ಗಾಮಾದ ಒಂದು ಪಾಲು ಟಿಎಚ್1, ಟಿಎಚ್17 ಎರಡೂ ಬಗೆಯ ಗುಣವಿರುವ ಕೋಶಗಳಿಂದ ಬರುತ್ತದೆ. ಇಲಿಯ ಶುದ್ಧ ಸಂತತಿಗಳಲ್ಲಿ ಕಂಡ ಗಡಿ ಮನುಷ್ಯನ ದೇಹದಲ್ಲಿ ಅಷ್ಟು ಗಟ್ಟಿಯಲ್ಲ. ಇನ್ನೊಂದು ಪೆಟ್ಟು 2013ರಲ್ಲಿ ಬಿತ್ತು. ಎಂವಿಎ85ಎ ಎಂಬ ಹೊಸ ಕ್ಷಯ ಲಸಿಕೆ ದಕ್ಷಿಣ ಆಫ್ರಿಕಾದ ಶಿಶುಗಳಲ್ಲಿ ಟಿಎಚ್1 ಕೋಶಗಳನ್ನು ಎಬ್ಬಿಸಿತು, ಆದರೆ ಬಿಸಿಜಿಗಿಂತ ಹೆಚ್ಚಿನ ರಕ್ಷಣೆ ಕೊಡಲಿಲ್ಲ. ನನ್ನ ತೀರ್ಮಾನ ಇಷ್ಟು: ಇಂಟರ್ಫೆರಾನ್ ಗಾಮಾ ಇಲ್ಲದೆ ಕ್ಷಯವನ್ನು ಹಿಡಿಯಲಾಗದು, ಅದೊಂದೇ ಇದ್ದರೂ ಸಾಲದು. ಯಾವ ಪರೀಕ್ಷೆಯೂ, ತೋಳಿನದಾಗಲಿ ರಕ್ತದ್ದಾಗಲಿ, ಮಲಗಿದ ಸೋಂಕನ್ನು ಎದ್ದ ರೋಗದಿಂದ ಬೇರ್ಪಡಿಸಲಾರದು.

ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಿದ್ದು ನಿಮ್ಮ ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ, ಸುಮ್ಮನೂ ಇರಬೇಡಿ. ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ರೋಗ ಇಲ್ಲವೆಂದು ಖಚಿತಪಡಿಸಿಕೊಂಡು, ಮುಂದೆ ರೋಗ ಏಳದಂತೆ ತಡೆಯುವ ಮಾತ್ರೆಗಳ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಸಂಧಿವಾತಕ್ಕೆ ಟಿಎನ್ಎಫ್ ತಡೆಯುವ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಶುರು ಮಾಡುವ ಮೊದಲೇ ಈ ಪರೀಕ್ಷೆ ಮಾಡಿಸಿ. ಟಿಎಚ್1 ಕೋಶಗಳ ಕೆಲಸಕ್ಕೆ ಜೊತೆಗೂಡುವ ಆ ಸೈಟೊಕೈನನ್ನು ತಡೆದಾಗ ಮಲಗಿದ್ದ ಕ್ಷಯ ಎದ್ದದ್ದು 2001ರಿಂದಲೇ ದಾಖಲಾಗಿದೆ.