ಒಂದೇ ಪದಕ್ಕೆ ಎರಡು ಡ್ಯೂಟಿ: ಇಂಗ್ಲಿಷ್ ಹೆಡ್‌ಲೈನ್ ನಗಿಸೋದು ಹೇಗೆ?

ಇವತ್ತಿನ ಎಪಿಸೋಡ್‌ನ ಒಂದು ಹೆಡ್‌ಲೈನ್‌ನಿಂದಲೇ ಶುರು ಮಾಡೋಣ: 'ಸ್ಕ್ವಾಡ್ ಹೆಲ್ಪ್ಸ್ ಡಾಗ್ ಬೈಟ್ ವಿಕ್ಟಿಮ್'.

ಹೇಳೋಕೆ ಹೊರಟಿದ್ದು ಇಷ್ಟೇ: ನಾಯಿ ಕಡಿತಕ್ಕೆ ಸಿಕ್ಕವರಿಗೆ ತಂಡವೊಂದು ನೆರವಾಯಿತು. ಆದ್ರೆ ಇನ್ನೊಂದ್ಸಲ ಓದಿ. ಪಾಪದವರನ್ನು ಕಚ್ಚೋಕೆ ಆ ತಂಡವೇ ನಾಯಿಗೆ ಸಹಾಯ ಮಾಡ್ತು ಅಂತಾನೂ ಕೇಳಿಸುತ್ತೆ! ಇಂಥ ಎಡವಟ್ಟುಗಳನ್ನೆಲ್ಲ ಸೇರಿಸಿ ಅಮೆರಿಕದ 'ಕೊಲಂಬಿಯಾ ಜರ್ನಲಿಸಂ ರಿವ್ಯೂ' 1980ರಲ್ಲಿ ಒಂದು ಪುಸ್ತಕವನ್ನೇ ತಂದಿತು. ಅದಕ್ಕೆ ಇದೇ ಹೆಡ್‌ಲೈನ್ ಹೆಸರಾಯಿತು.

ಇದು ನಾವು ಸ್ಕೂಲಲ್ಲಿ ಓದಿದ ಶ್ಲೇಷೆ ಅಲ್ಲ. ಶ್ಲೇಷೆಯಲ್ಲಿ ಒಂದು ಪದಕ್ಕೆ ಎರಡು ಅರ್ಥ, ಅದೂ ಬೇಕಂತಲೇ. ಇಲ್ಲಿ 'ಬೈಟ್' ಅನ್ನೋದರ ಅರ್ಥ ಬದಲಾಗಿಲ್ಲ, ಕೆಲಸ ಬದಲಾಗಿದೆ. ಒಂದು ಕಡೆ ಅದು 'ಕಡಿತ' ಅನ್ನೋ ನಾಮಪದ, ಇನ್ನೊಂದು ಕಡೆ 'ಕಚ್ಚು' ಅನ್ನೋ ಕ್ರಿಯಾಪದ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ರೂಪ. ಮಾಮೂಲಿ ವಾಕ್ಯದಲ್ಲಿ 'ಎ', 'ದ', 'ಈಸ್' ಥರದ ಪುಟ್ಟ ಪದಗಳು ದಾರಿ ತೋರಿಸ್ತವೆ. ಕಾಲಂನಲ್ಲಿ ಜಾಗ ಸಾಲದೆ ಹೆಡ್‌ಲೈನ್ ಬರೆಯೋರು ಮೊದಲು ಕಿತ್ತು ಹಾಕೋದೇ ಅವನ್ನ.

ಇಂಥ ಹೆಡ್‌ಲೈನ್‌ಗೆ ಈಗ ಒಂದು ಹೆಸರಿದೆ: 'ಕ್ರ್ಯಾಶ್ ಬ್ಲಾಸಮ್'. ಅದು ಹುಟ್ಟಿದ್ದು 2009ರಲ್ಲಿ, 'ಜಪಾನ್ ಟುಡೇ'ಯ ಒಂದು ಹೆಡ್‌ಲೈನ್‌ನಿಂದ: 'ವಯಲಿನಿಸ್ಟ್ ಲಿಂಕ್ಡ್ ಟು ಜೆಎಎಲ್ ಕ್ರ್ಯಾಶ್ ಬ್ಲಾಸಮ್ಸ್'. ಓದಿದವರಿಗೆ ಒಂದೇ ಪ್ರಶ್ನೆ: ಈ 'ಕ್ರ್ಯಾಶ್ ಹೂಗಳು' ಅಂದ್ರೆ ಯಾವ ಹೂ? ವಯಲಿನ್ ನುಡಿಸೋರಿಗೂ ಅದಕ್ಕೂ ಏನು ನಂಟು?

ಹೂವೇ ಇರಲಿಲ್ಲ. 'ಬ್ಲಾಸಮ್ಸ್' ಅಲ್ಲಿ ಕ್ರಿಯಾಪದ, ಅಂದ್ರೆ 'ಅರಳುತ್ತಿದ್ದಾರೆ'. 'ಲಿಂಕ್ಡ್' ಅನ್ನೋದು ಬರೀ ವಿಶೇಷಣ, ಆದ್ರೆ ನಾವು ಅದನ್ನೇ ಕ್ರಿಯಾಪದ ಅಂದ್ಕೊಂಡು ಮುಂದೆ ಹೋಗಿಬಿಡ್ತೀವಿ. 'ವಿಮಾನ ದುರಂತದ ನಂಟಿರುವ ವಯಲಿನ್ ವಾದಕಿ ಬೆಳಗುತ್ತಿದ್ದಾರೆ', ಇದು ನಿಜವಾದ ಅರ್ಥ.

ಆಕೆ ಡಯಾನಾ ಯುಕಾವಾ. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ವಿಮಾನ ಬಿದ್ದು ಸತ್ತ 520 ಜನರಲ್ಲಿ ಆಕೆಯ ಅಪ್ಪನೂ ಒಬ್ಬರು. ಆಗ ಮಗಳು ಇನ್ನೂ ಹುಟ್ಟಿರಲೇ ಇಲ್ಲ. ಇಂಥ ಸುದ್ದಿಯನ್ನ ಜನ ನಗುತ್ತಾ ನೆನಪಿಟ್ಟುಕೊಳ್ಳೋ ಹಾಗಾಯ್ತು. ಶ್ಲೇಷೆ ಬರೆಯೋರು ನಗು ಎಲ್ಲಿ ಬೇಕು ಅಂತ ಆರಿಸಿಕೊಳ್ತಾರೆ. ಇಲ್ಲಿ ಆ ಆಯ್ಕೆ ಯಾರ ಕೈಲೂ ಇರಲಿಲ್ಲ.

ಕನ್ನಡದಲ್ಲಿ ವಿಭಕ್ತಿ ಇದೆಯಲ್ಲ, ನಾವು ಸೇಫ್ ಅಂತೀರಾ? 'ನಾಯಿ ಕಚ್ಚಿದ ವ್ಯಕ್ತಿ ಆಸ್ಪತ್ರೆಗೆ' ಅಂತ ಬರೆದು ನೋಡಿ. 'ಅನ್ನು' ಬಿಟ್ಟುಹೋಗಿದ್ರೆ ಕಚ್ಚಿದ್ದು ಯಾರು? ನಾಯಿಯಾ, ವ್ಯಕ್ತಿಯಾ? ಪೋಸ್ಟ್ ಮಾಡೋಕೆ ಮುಂಚೆ ಬಿಟ್ಟ ಪದಗಳನ್ನ ವಾಪಸ್ ಸೇರಿಸಿ ಓದಿ. ಎರಡು ಬೇರೆ ವಾಕ್ಯ ಆಗೋ ಹಾಗಿದ್ರೆ ಹೆಡ್‌ಲೈನ್ ಬದಲಾಯಿಸಿ.

ಮತ್ತೆ ಸಿಗೋಣ.