ಚೀಲದೊಳಗಿನ ಪ್ರೋಟೀನು, ಹೊರಗಿನ ಉಪ್ಪು: ಡೊನಾನ್ ಪರಿಣಾಮ ನಡೆದು ಬಂದ ದಾರಿ

ಹತ್ತಿಬಟ್ಟೆಗೆ ಹಾಕುವ ಕಾಂಗೋ ರೆಡ್ ಎಂಬ ಬಣ್ಣ ನೀರಿನಲ್ಲಿ ಕರಗಿದಾಗ ಸೋಡಿಯಂ ಅಯಾನುಗಳಾಗಿಯೂ ಋಣಾವೇಶವುಳ್ಳ ದೊಡ್ಡ ಬಣ್ಣದ ಅಯಾನುಗಳಾಗಿಯೂ ಒಡೆಯುತ್ತದೆ. ಪಾರ್ಚ್‌ಮೆಂಟ್ ಕಾಗದದ ಪೊರೆಯನ್ನು ಸೋಡಿಯಂ ಸಲೀಸಾಗಿ ದಾಟುತ್ತದೆ, ಬಣ್ಣದ ಅಯಾನು ದಾಟುವುದಿಲ್ಲ. ಇಂಥ ಪೊರೆಯ ಆಚೆ ಬದಿಯಲ್ಲಿ ಅಡುಗೆ ಉಪ್ಪಿನ ದ್ರಾವಣವಿದ್ದರೆ ಕೊನೆಗೆ ಯಾವ ಅಯಾನು ಎಲ್ಲಿ ಎಷ್ಟು ಉಳಿಯುತ್ತದೆ? 1911ರಲ್ಲಿ ಇದಕ್ಕೆ ಲೆಕ್ಕ ಕೊಟ್ಟವರು ಲಿವರ್‌ಪೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರೆಡ್ರಿಕ್ ಜಾರ್ಜ್ ಡೊನಾನ್. ಐರಿಷ್ ಮನೆತನದವರಾದರೂ ಅವರು ಹುಟ್ಟಿದ್ದು ಕೊಲಂಬೊದಲ್ಲಿ. ಅಮೆರಿಕದ ವಿಲರ್ಡ್ ಗಿಬ್ಸ್ ಅವರ ಉಷ್ಣಚಲನ ಸಿದ್ಧಾಂತದಲ್ಲಿ ಈ ಫಲಿತಾಂಶ ಆಗಲೇ ಅಡಗಿತ್ತು. ಅದಕ್ಕೇ ಕೆಲವರು ಇದನ್ನು ಗಿಬ್ಸ್-ಡೊನಾನ್ ಸಮತೋಲ ಎನ್ನುತ್ತಾರೆ.

ನಿಯಮ ಚಿಕ್ಕದು. ಎರಡೂ ಬದಿಯಲ್ಲಿ ಧನ ಮತ್ತು ಋಣ ಆವೇಶಗಳು ಸರಿದೂಗಲೇಬೇಕು. ಜೊತೆಗೆ, ಒಳಗಿನ ಸೋಡಿಯಂ ಮತ್ತು ಕ್ಲೋರೈಡ್‌ಗಳ ಗುಣಲಬ್ಧ ಹೊರಗಿನ ಗುಣಲಬ್ಧಕ್ಕೆ ಸಮನಾಗಬೇಕು. ಎರಡೂ ಬದಿಯ ಗಾತ್ರ ಒಂದೇ ಎಂದೂ ದೊಡ್ಡ ಅಯಾನಿಗೆ ಒಂದೇ ಋಣಾವೇಶ ಎಂದೂ ಇಟ್ಟುಕೊಳ್ಳೋಣ. ಒಳಗೆ ಲೀಟರಿಗೆ 100 ಮಿಲಿಮೋಲ್ ಬಣ್ಣ, ಹೊರಗೆ 100 ಮಿಲಿಮೋಲ್ ಉಪ್ಪು ಹಾಕಿ ಬಿಟ್ಟರೆ, ಉಪ್ಪಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಒಳಗೆ ಬಂದು ನಿಲ್ಲುತ್ತದೆ. ಒಳಗೆ ಸೋಡಿಯಂ 133, ಕ್ಲೋರೈಡ್ 33. ಹೊರಗೆ ಎರಡೂ 67. ಸೋಡಿಯಂ ಒಳಗೆ ಇಮ್ಮಡಿ, ಕ್ಲೋರೈಡ್ ಅರ್ಧ. ಈ ಎರಡರ ಅನುಪಾತದಿಂದಲೇ ಪೊರೆಯ ಎರಡು ಬದಿಗಳ ನಡುವೆ ಸುಮಾರು 18 ಮಿಲಿವೋಲ್ಟ್ ವಿಭವ ಹುಟ್ಟುತ್ತದೆ, ಒಳಬದಿ ಋಣ. ಹೊರಗಿನ ಉಪ್ಪು ಬಣ್ಣದ ನೂರು ಪಟ್ಟು ಇದ್ದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಒಳಗೆ ಬಂದು ಅಸಮತೆ ಕಾಣದಷ್ಟು ಸಣ್ಣದಾಗುತ್ತದೆ. ಉಪ್ಪು ಬಣ್ಣದ ನೂರನೆಯ ಒಂದು ಪಾಲಾಗಿದ್ದರೆ ಅದರ ಶೇ. 1ರಷ್ಟೂ ಒಳಗೆ ನುಸುಳುವುದಿಲ್ಲ.

ಡೊನಾನ್ ಬಣ್ಣದಲ್ಲಿ ತೋರಿಸಿದ್ದನ್ನು ಪ್ರೋಟೀನಿಗೆ ತಂದು, ಅದರಿಂದ ಒಂದು ಜಗಳವನ್ನೇ ಹೂಡಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾಕ್ ಲೋಬ್. ಜೆಲಾಟಿನ್ ದ್ರಾವಣಕ್ಕೆ ಸ್ವಲ್ಪ ಸ್ವಲ್ಪವೇ ಆಮ್ಲ ಬೆರೆಸುತ್ತ ಹೋದರೆ ಅದರ ಅಭಿಸರಣ ಒತ್ತಡ ವಿಚಿತ್ರವಾಗಿ ವರ್ತಿಸುತ್ತಿತ್ತು. ಪಿಎಚ್ 4.7ರ ಬಳಿ ಅತಿ ಕಡಿಮೆ, 3.4ರ ಸುಮಾರಿಗೆ ಶಿಖರ, ಇನ್ನೂ ಆಮ್ಲ ಸೇರಿಸಿದರೆ ಮತ್ತೆ ಇಳಿತ. ಕಣಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಿಕೊಳ್ಳುತ್ತವೆ, ಕಲಿಲಗಳಿಗೆ ಅವುಗಳದೇ ನಿಯಮ ಎಂದು ಅಂದಿನ ಕಲಿಲ ರಸಾಯನದವರು ವಿವರಿಸುತ್ತಿದ್ದರು. ಲೋಬ್ ಹೇಳಿದ್ದು ಇಷ್ಟೇ: 4.7ರಲ್ಲಿ ಜೆಲಾಟಿನ್ನಿನ ಒಟ್ಟು ಆವೇಶ ಸೊನ್ನೆ, ಆದ್ದರಿಂದ ಅಸಮ ಹಂಚಿಕೆಯೂ ಇಲ್ಲ. ಆಮ್ಲ ಬೆರೆತಂತೆ ಪ್ರೋಟೀನು ಧನಾವೇಶ ಪಡೆಯುತ್ತದೆ, ಕ್ಲೋರೈಡ್ ಒಳಗೆ ಹೆಚ್ಚಾಗುತ್ತದೆ, ಒತ್ತಡ ಏರುತ್ತದೆ. ಆಮ್ಲ ಅತಿಯಾದಾಗ ಅದೇ ಹೆಚ್ಚುವರಿ ಉಪ್ಪಿನ ಪಾತ್ರ ವಹಿಸಿ ಅಸಮತೆಯನ್ನು ಮುಚ್ಚಿಬಿಡುತ್ತದೆ.

ಬರೀ ವಾದವಾಗಿದ್ದರೆ ಜಗಳ ಮುಗಿಯುತ್ತಿರಲಿಲ್ಲ. ಲೋಬ್ ಕೊಲೋಡಿಯನ್ ಚೀಲಗಳಲ್ಲಿ ಜೆಲಾಟಿನ್ ತುಂಬಿ, ಒಳಗಿನ ಮತ್ತು ಹೊರಗಿನ ಪಿಎಚ್ ಅಳೆದು, ಆ ವ್ಯತ್ಯಾಸದಿಂದ ವಿಭವ ಎಷ್ಟಿರಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಸೇತುವೆಯ ವಿದ್ಯುದ್ವಾರಗಳಿಂದ ವಿಭವವನ್ನೇ ಅಳೆದರು. ಎರಡೂ ಸಂಖ್ಯೆ ಚೆನ್ನಾಗಿ ಹೊಂದಿದವು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಸೇತುವೆ ಬಿಟ್ಟು ಹೈಡ್ರೋಜನ್ ವಿದ್ಯುದ್ವಾರಗಳನ್ನೇ ನೇರವಾಗಿ ಎರಡು ಬದಿಗೆ ಅದ್ದಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ಪೊರೆಯ ವಿಭವವನ್ನು ಪಿಎಚ್ ವ್ಯತ್ಯಾಸ ಸರಿಯಾಗಿ ಕಳೆದುಹಾಕುವುದೇ ಅದಕ್ಕೆ ಕಾರಣ. ಆ ಸೊನ್ನೆ ಬರದಿದ್ದರೆ ವ್ಯವಸ್ಥೆ ಇನ್ನೂ ಸಮತೋಲಕ್ಕೆ ಬಂದಿಲ್ಲ ಎಂದು ತಿಳಿಯಬೇಕು. 1922ರಲ್ಲಿ ಬಂದ ಲೋಬರ ಪುಸ್ತಕದಲ್ಲಿ ಉತ್ಸಾಹ ಸ್ವಲ್ಪ ಅತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಅಯಾನಿನ ಆವೇಶದ ಸಂಖ್ಯೆಯೊಂದೇ ಮುಖ್ಯ, ಅದು ಯಾವ ಅಯಾನು ಎಂಬುದಲ್ಲ ಎಂದು ಅವರು ಪಟ್ಟು ಹಿಡಿದರು. ಅಯಾನುಗಳ ಗುರುತಿಗೂ ಬೆಲೆಯಿದೆ ಎಂಬ ಹೋಫ್‌ಮೈಸ್ಟರ್ ಶ್ರೇಣಿ ಆಮೇಲೆ ಮರಳಿ ಬಂತು.

ಅಭಿಸರಣ ಒತ್ತಡದಿಂದ ಅಣುತೂಕ ಅಳೆಯುವವರಿಗೆ ಇದೇ ಪರಿಣಾಮ ಪೀಡೆಯಾಗಿತ್ತು. ಮೇಲಿನ ಬಣ್ಣದ ಉದಾಹರಣೆಯಲ್ಲಿ ಒಳಗಿನ ಒಟ್ಟು ಕಣಗಳು 267, ಹೊರಗೆ 133. ವ್ಯತ್ಯಾಸ 133, ಆದರೆ ಬಣ್ಣದ್ದು 100 ಮಾತ್ರ. ಉಳಿದ 33 ಡೊನಾನ್ ಪಾಲು. ಅದನ್ನು ಕಳೆಯದಿದ್ದರೆ ಅಣು ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ಕೇಂಬ್ರಿಡ್ಜಿನ ಗಿಲ್ಬರ್ಟ್ ಅಡೇರ್ ಈ ಪಾಲನ್ನು ಲೆಕ್ಕಕ್ಕೆ ಹಿಡಿದು, ಹಿಮೋಗ್ಲೋಬಿನ್ನಿನ ಅಣುತೂಕ ಸುಮಾರು 67,000 ಎಂದು 1925ರಲ್ಲಿ ತೋರಿಸಿದರು. ಕಬ್ಬಿಣದ ಅಂಶದಿಂದ ಬರುತ್ತಿದ್ದ ಲೆಕ್ಕ 16,700. ಅಂದರೆ ಒಂದು ಅಣುವಿನಲ್ಲಿ ನಾಲ್ಕು ಕಬ್ಬಿಣ.

ಜೀವಕೋಶದ ವಿಷಯಕ್ಕೆ ಬಂದಾಗ ಸಿದ್ಧಾಂತ ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂತು. ಕೋಶದೊಳಗೆ ದಾಟಲಾಗದ ಪ್ರೋಟೀನು, ಫಾಸ್ಫೇಟುಗಳಿವೆ. ಪೊರೆ ಮೆತ್ತಗಿದೆ, ನೀರನ್ನು ಬಿಟ್ಟುಕೊಡುತ್ತದೆ. ಡೊನಾನ್ ಸಮತೋಲದಲ್ಲಿ ಒಳಗಿನ ಕಣಗಳು ಯಾವಾಗಲೂ ಹೆಚ್ಚು. ಹಾಗಾಗಿ ನೀರು ನುಗ್ಗಬೇಕು, ಕೋಶ ಊದಿ ಒಡೆಯಬೇಕು. ಸಸ್ಯಕೋಶಕ್ಕೆ ಗಟ್ಟಿ ಗೋಡೆಯ ಆಸರೆಯಿದೆ. ಪ್ರಾಣಿಕೋಶ ಒಡೆಯದಿರುವುದೇ ಅದು ಈ ಸಮತೋಲದಲ್ಲಿ ಇಲ್ಲ ಎಂಬುದಕ್ಕೆ ಸಾಕ್ಷಿ. 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೌ ಏಡಿಯ ನರಗಳಲ್ಲಿ ಗುರುತಿಸಿದ ಕಿಣ್ವವೇ ಸೋಡಿಯಂ ಪಂಪು. 1960ರಲ್ಲಿ ಟೋಸ್ಟೆಸನ್ ಮತ್ತು ಹಾಫ್‌ಮನ್ ಕುರಿಯ ಕೆಂಪು ರಕ್ತಕಣಗಳನ್ನು ಇಟ್ಟುಕೊಂಡು ಲೆಕ್ಕ ಮುಗಿಸಿದರು: ಒಳಗೆ ಸೋರುವ ಸೋಡಿಯಮ್ಮನ್ನು ಪಂಪು ಹೊರಹಾಕುತ್ತಲೇ ಇರುವುದರಿಂದ ಸೋಡಿಯಂ ದಾಟಲಾರದ ಅಯಾನಿನಂತೆಯೇ ಆಗುತ್ತದೆ. ಒಳಗಿನ ಪ್ರೋಟೀನಿಗೆ ಹೊರಗಿನ ಸೋಡಿಯಂ ಎದುರುತೂಕ. ಊಬೈನ್ ಹಾಕಿ ಪಂಪನ್ನು ನಿಲ್ಲಿಸಿದರೆ ಕೋಶ ನಿಧಾನವಾಗಿ ಊದುತ್ತದೆ.

ಈಚಿನ ಅಧ್ಯಾಯ ಔಷಧ ಕಾರ್ಖಾನೆಗಳದು. ಚರ್ಮದಡಿ ಚುಚ್ಚುವ ಆಂಟಿಬಾಡಿ ಮದ್ದುಗಳನ್ನು ಮಿಲಿಲೀಟರಿಗೆ 150 ಮಿಲಿಗ್ರಾಂವರೆಗೂ ಗಟ್ಟಿಮಾಡಬೇಕಾಗುತ್ತದೆ. ಪೊರೆಯ ಮೂಲಕ ಸೋಸುತ್ತ, ಹೊಸ ಬಫರನ್ನು ತುಂಬುತ್ತ ಹೋಗುವುದು ಕ್ರಮ. ಕೊನೆಗೆ ಒಳಗಿರುವುದೂ ತುಂಬಿದ ಬಫರೇ ಎಂದು ನಂಬಿದರೆ ಕೆಟ್ಟೆವು. ಉದಾಹರಣೆಗೆ, ಬಫರು 20 ಮಿಲಿಮೋಲ್ ಹಿಸ್ಟಿಡಿನ್, ಪಿಎಚ್ 6.0 ಎಂದುಕೊಳ್ಳಿ. ಆಗ ಹಿಸ್ಟಿಡಿನ್ನಿನ ಅರ್ಧ, ಎಂದರೆ 10, ಧನಾವೇಶದ್ದು. ಅದಕ್ಕೆ ಜೊತೆಯಾಗಿ 10 ಕ್ಲೋರೈಡ್. ಅಣುತೂಕ 1,50,000 ಇರುವ ಆಂಟಿಬಾಡಿ ಈ ಗಟ್ಟಿತನದಲ್ಲಿ 1 ಮಿಲಿಮೋಲ್. ಒಂದೊಂದಕ್ಕೂ 20 ಧನಾವೇಶವಿದ್ದರೆ ಗುಣಲಬ್ಧದ ನಿಯಮದಂತೆ ಒಳಗೆ ಕ್ಲೋರೈಡ್ 24ಕ್ಕೆ ಏರುತ್ತದೆ, ಧನ ಹಿಸ್ಟಿಡಿನ್ 4ಕ್ಕೆ ಇಳಿಯುತ್ತದೆ. ಆವೇಶವಿಲ್ಲದ 10 ಹಾಗೇ ಇರುತ್ತದೆ. 20 ಇರಬೇಕಾದಲ್ಲಿ 14. ಹೈಡ್ರೋಜನ್ ಅಯಾನೂ ಅದೇ ಅನುಪಾತದಲ್ಲಿ ತಗ್ಗುವುದರಿಂದ ಪಿಎಚ್ 6.4ರ ಹತ್ತಿರ. ಇದರ ಮೇಲೆ ಪ್ರೋಟೀನು ತಾನೇ ದ್ರಾವಣದ ಶೇ. 11ರಷ್ಟು ಜಾಗ ಹಿಡಿಯುತ್ತದೆ, ಒಟ್ಟು ಲೀಟರಿನ ಲೆಕ್ಕದಲ್ಲಿ ಹಿಸ್ಟಿಡಿನ್ 13ಕ್ಕಿಂತ ಕೆಳಗೆ ಜಾರುತ್ತದೆ.

ಉಪ್ಪು ಸುರಿದು ಇದನ್ನು ಅಡಗಿಸಬಹುದು, ಆದರೆ ಚುಚ್ಚುಮದ್ದಿನಲ್ಲಿ ಉಪ್ಪಿಗೆ ಮಿತಿಯಿದೆ. ಆದ್ದರಿಂದ ಬಫರನ್ನೇ ಮೊದಲು ಹೆಚ್ಚು ಗಟ್ಟಿಯಾಗಿ, ಪಿಎಚ್ ಸ್ವಲ್ಪ ತಗ್ಗಿಸಿ ತಯಾರಿಸುತ್ತಾರೆ, ಜಾರಿದ ಮೇಲೆ ಗುರಿಗೆ ಬಂದು ನಿಲ್ಲುವಂತೆ. ಎಷ್ಟು ಗಟ್ಟಿ ಎಂಬುದಕ್ಕೆ ಪ್ರೋಟೀನಿನ ಆವೇಶ ಗೊತ್ತಿರಬೇಕು. ಅಮೈನೊ ಆಮ್ಲಗಳನ್ನು ಎಣಿಸಿ ಬರುವ ಸಂಖ್ಯೆ ಇಲ್ಲಿ ನಡೆಯುವುದಿಲ್ಲ, ಪ್ರೋಟೀನಿಗೆ ಅಂಟಿಕೊಳ್ಳುವ ಅಯಾನುಗಳು ಅದನ್ನು ಕುಗ್ಗಿಸಿರುತ್ತವೆ. ಸಣ್ಣ ಪ್ರಮಾಣದಲ್ಲಿ ಒಮ್ಮೆ ಸೋಸಿ, ಪೊರೆಯ ಎರಡೂ ಬದಿಯ ಕ್ಲೋರೈಡ್ ಮತ್ತು ಪಿಎಚ್ ಅಳೆದು, ಆ ಅನುಪಾತದಿಂದಲೇ ಆವೇಶವನ್ನು ಹಿಂದಕ್ಕೆ ಲೆಕ್ಕ ಹಾಕಿಕೊಳ್ಳುವುದು ಹೆಚ್ಚು ನಂಬಿಕೆಯ ದಾರಿ.