ಬದು ಕಾಣದ ನಕ್ಷೆ: ಇಳಿಜಾರು ಹೊಲದ ಸವಕಳಿ ಲೆಕ್ಕ

ಹೊಲ ಎಷ್ಟು ಕಡಿದಾಗಿದೆ, ನೀರು ಎಷ್ಟು ದೂರ ತಡೆಯಿಲ್ಲದೆ ಹರಿಯುತ್ತದೆ ಎಂಬ ಎರಡು ಅಂಶಗಳನ್ನು ಸವಕಳಿಯೊಂದಿಗೆ ಸೂತ್ರವಾಗಿ ಜೋಡಿಸಿದವರು ಅಮೆರಿಕದ ಜಿಂಗ್. ಅದು 1940ರ ಕೆಲಸ. ಮುಂದೆ ವಿಷ್ಮೈಯರ್ ಮತ್ತು ಸ್ಮಿತ್ ಪ್ರಯೋಗ ತಾಕುಗಳ ಅಳತೆಗಳನ್ನು ಒಟ್ಟುಗೂಡಿಸಿ, 1965ರಲ್ಲಿ ಸಾರ್ವತ್ರಿಕ ಸಮೀಕರಣದ ಕೈಪಿಡಿ ತಂದರು. 22.13 ಮೀಟರ್ ಉದ್ದ, ಶೇ. 9 ಇಳಿಜಾರಿನ ಬರಿ ತಾಕೇ ಅದರ ಮಾನದಂಡ. ಇದರ ಪರಿಷ್ಕೃತ ರೂಪವಾದ ರಸ್ಲ್‌ನ ಕೈಪಿಡಿಯನ್ನು ರೆನಾರ್ಡ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು:

A = R × K × LS × C × P

A ಎಂದರೆ ಹೆಕ್ಟೇರಿಗೆ ವರ್ಷಕ್ಕೆ ಎಷ್ಟು ಟನ್ ಮಣ್ಣು ಹೋಗುತ್ತದೆ ಎಂಬ ಅಂದಾಜು. R ಮಳೆಯ ಹೊಡೆತ, K ಮಣ್ಣು ಕೊಚ್ಚಿಹೋಗುವ ಗುಣ, LS ಇಳಿಜಾರಿನ ಉದ್ದ ಮತ್ತು ಕಡಿದು, C ಬೆಳೆಯ ಹೊದಿಕೆ, P ಸಂರಕ್ಷಣಾ ಕ್ರಮ.

R ಲೆಕ್ಕಕ್ಕೆ ಪ್ರತಿ ಮಳೆಯ ತೀವ್ರತೆ ಗೊತ್ತಿರಬೇಕು. ಆ ದಾಖಲೆ ಎಲ್ಲೆಡೆ ಸಿಗದ ಭಾರತಕ್ಕೆ ಗುರ್ಮೇಲ್ ಸಿಂಗ್ ಮತ್ತು ಸಂಗಡಿಗರು 1981ರಲ್ಲಿ ವಾರ್ಷಿಕ ಮಳೆಯಿಂದಲೇ R ಕಂಡುಕೊಳ್ಳುವ ಸೂತ್ರ ಕೊಟ್ಟರು: R = 79 + 0.363 × ಮಳೆ (ಮಿ.ಮೀ.).

ಒಂದು ಮಾದರಿ ಲೆಕ್ಕ ನೋಡೋಣ. 700 ಮಿ.ಮೀ. ಮಳೆಯ ಕೆಂಪು ಮಣ್ಣಿನ ರಾಗಿ ಹೊಲ, ಇಳಿಜಾರು ಶೇ. 6, ಉದ್ದ 60 ಮೀಟರ್. R 333 ಆಗುತ್ತದೆ. K 0.20, C 0.4 ಎಂದು ಇಟ್ಟುಕೊಳ್ಳೋಣ. ರಸ್ಲ್ ಪ್ರಕಾರ LS 1.04. ಇಳಿಜಾರಿನಗುಂಟ ಉತ್ತರೆ P ಬೆಲೆ 1. ಆಗ ಸವಕಳಿ ಸುಮಾರು 28 ಟನ್. ಅಂದರೆ ಹೊಲದ ಮೇಲೆಲ್ಲ ಸುಮಾರು 2 ಮಿ.ಮೀ. ದಪ್ಪದ ಮಣ್ಣು. ಅಡ್ಡ ಉಳುಮೆ ಮಾಡಿ P 0.5 ಆದರೆ 14 ಟನ್. ಜೊತೆಗೆ ಪ್ರತಿ 20 ಮೀಟರಿಗೊಂದು ಬದು ಹಾಕಿ ಹರಿವು ತಡೆದರೆ LS 0.65ಕ್ಕೆ ಇಳಿದು, ಸವಕಳಿ 9 ಟನ್ನಿನ ಆಸುಪಾಸಿಗೆ ಬರುತ್ತದೆ. ಇಲ್ಲಿ R, K ಎರಡೂ ಹಳೆಯ ಮೆಟ್ರಿಕ್ ಏಕಮಾನದಲ್ಲಿವೆ. R ಹಾಗೇ ಇಟ್ಟು, ಮೆಗಾಜೂಲ್ ಲೆಕ್ಕದ K ಗುಣಿಸಿದರೆ ಉತ್ತರ 9.81 ಪಟ್ಟು ಕಡಿಮೆ ಬರುತ್ತದೆ.

ಕಂಪ್ಯೂಟರ್ ನಕ್ಷೆಗಳು ಬಂದ ಮೇಲೆ ಉದ್ದವನ್ನು ಟೇಪು ಹಿಡಿದು ಅಳೆಯುವುದು ತಪ್ಪಿತು. ಮೇಲಿನಿಂದ ಎಷ್ಟು ಜಾಗದ ನೀರು ಬಂದು ಸೇರುತ್ತದೆ ಎಂಬುದರಿಂದಲೇ LS ಕಟ್ಟುವ ವಿಧಾನವನ್ನು 1986ರಲ್ಲಿ ಮೂರ್ ಮತ್ತು ಬರ್ಚ್, 1996ರಲ್ಲಿ ಡೆಸ್ಮೆಟ್ ಮತ್ತು ಗೋವರ್ಸ್ ರೂಪಿಸಿದರು. ತೊಡಕು ಇರುವುದೂ ಇಲ್ಲೇ. 30 ಮೀಟರ್ ಚೌಕದ ಎತ್ತರ ನಕ್ಷೆಗೆ ಮೊಣಕಾಲೆತ್ತರದ ಬದು ಕಾಣುವುದಿಲ್ಲ. ತಂತ್ರಾಂಶ ಬದುವಿನ ಮೇಲೂ ನೀರು ಹರಿಸಿ, ಹಳ್ಳದವರೆಗೆ ಉದ್ದ ಬೆಳೆಸುತ್ತದೆ. LS ನಕ್ಷೆಯಲ್ಲಿ ಅತಿ ದೊಡ್ಡ ಬೆಲೆಗಳು ಹಳ್ಳದ ಗೆರೆಯಲ್ಲೇ ಸಾಲಾಗಿ ಕಂಡರೆ ಈ ತಪ್ಪು ಆಗಿದೆ ಎಂದೇ ತಿಳಿಯಬೇಕು. ಹಳ್ಳ, ಕೊರಕಲುಗಳ ಕೊರೆತ ಈ ಸಮೀಕರಣದ ವ್ಯಾಪ್ತಿಗೆ ಬರುವುದಿಲ್ಲ. ತಗ್ಗಿನಲ್ಲಿ ನಿಂತುಬಿಡುವ ಮಣ್ಣನ್ನೂ ಅದು ಕಳೆಯುವುದಿಲ್ಲ.

ಆದ್ದರಿಂದ ನಕ್ಷೆ ಮಾಡುವವರು ಮೊದಲು ಹೊಲಕ್ಕೆ ಹೋಗಿ ಬದುಗಳ ನಡುವಿನ ಅಂತರ ಅಳೆಯಲಿ, ಹರಿವಿನ ಉದ್ದಕ್ಕೆ ಅಲ್ಲೇ ಮಿತಿ ಹಾಕಲಿ. ಅದಿಲ್ಲದ ನಕ್ಷೆಯನ್ನು ಯಾವ ಹೊಲಕ್ಕೆ ಮೊದಲು ಗಮನ ಕೊಡಬೇಕೆಂದು ತೀರ್ಮಾನಿಸಲು ಬಳಸಬಹುದೇ ಹೊರತು, ಟನ್ನಿನ ಲೆಕ್ಕಕ್ಕೆ ನಂಬಬಾರದು.